ಚಂದ್ರನ ಬೆನ್ನು ನಮಗೇಕೆ ಕಾಣುವುದಿಲ್ಲ? ಅವನು ತಿರುಗುವುದೇ ಇಲ್ಲವೇ?

ಟಿಕೋಟಾದಲ್ಲಿರುವ ನಮ್ಮ ಮಾಮಾ ಹೋದ ವಾರ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಕಳಿಸಿ, ಅದರ ಕೆಳಗೆ ಧ್ವನಿ ಸಂದೇಶವನ್ನೂ ಹಾಕಿದ್ದರು: "ತಂಗಿ, ಚಂದ್ರ ತಿರುಗಂಗಿಲ್ಲಂತ, ಖರೇ ಏನು? ತಿರುಗತಿದ್ರ ಅದರ ಬೆನ್ನು ನಮಗ ಒಮ್ಮೆರ ಕಾಣಬೇಕಿತ್ತಲ್ಲ?"

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಫಾರ್ವರ್ಡ್‌ನಲ್ಲಿದ್ದ ಉತ್ತರ ತಪ್ಪು. ಅದನ್ನು ಒಂದೊಂದಾಗಿ ನೋಡೋಣ.

ಫಾರ್ವರ್ಡ್‌ನಲ್ಲಿ ಏನಿದೆ?

ಅದರಲ್ಲಿ ಮೂರು ಮಾತುಗಳಿವೆ. ಒಂದು, ಚಂದ್ರ ತನ್ನ ಸುತ್ತ ತಾನು ತಿರುಗುವುದಿಲ್ಲ, ಆದ್ದರಿಂದ ಯಾವಾಗಲೂ ಒಂದೇ ಮುಖ ಕಾಣುತ್ತದೆ. ಎರಡು, ಅವನ ಹಿಂಬದಿಗೆ ಎಂದೂ ಬಿಸಿಲು ಬೀಳುವುದಿಲ್ಲ, ಅಲ್ಲಿ ಶಾಶ್ವತ ಕತ್ತಲೆ. ಮೂರು, ನಮ್ಮ ಚಂದ್ರಯಾನ-3 ಇಳಿದದ್ದು ಆ ಕತ್ತಲೆಯ ಬದಿಯಲ್ಲಿ.

ವಾಸ್ತವ ಏನು?

ಮೂರೂ ತಪ್ಪು. ಚಂದ್ರ ತನ್ನ ಅಕ್ಷದ ಮೇಲೆ ಖಂಡಿತ ತಿರುಗುತ್ತಾನೆ. ಒಮ್ಮೆ ತಿರುಗಲು ಅವನಿಗೆ ಸುಮಾರು 27.3 ದಿನ ಬೇಕು. ಭೂಮಿಯನ್ನು ಒಮ್ಮೆ ಸುತ್ತಿ ಬರಲೂ ಅಷ್ಟೇ ದಿನ ಬೇಕು. ಎರಡೂ ಸಮವಾಗಿರುವುದರಿಂದಲೇ ಅವನ ಒಂದೇ ಮುಖ ನಮ್ಮ ಕಡೆಗಿರುತ್ತದೆ. ಹಿಂಬದಿಗೂ ಮುಂಬದಿಯಷ್ಟೇ ಬಿಸಿಲು ಬೀಳುತ್ತದೆ. ಚಂದ್ರಯಾನ-3 ಇಳಿದದ್ದು ನಮಗೆ ಕಾಣುವ ಬದಿಯಲ್ಲೇ.

ಗುಡಿ ಸುತ್ತಿದರೆ ಗೊತ್ತಾಗುತ್ತದೆ

ಇಲ್ಲಿ ಅರ್ಧ ಗೊಂದಲಕ್ಕೆ ನಮ್ಮ ಮಾತೇ ಕಾರಣ. ಬುಗುರಿ ನಿಂತಲ್ಲೇ ತಿರುಗುವುದಕ್ಕೂ "ತಿರುಗು" ಎನ್ನುತ್ತೇವೆ, ಊರೆಲ್ಲ ಅಡ್ಡಾಡಿ ಬರುವುದಕ್ಕೂ "ತಿರುಗು" ಎನ್ನುತ್ತೇವೆ. ಈ ಲೇಖನದಲ್ಲಿ ಭೂಮಿಯ ಸುತ್ತ ಹೋಗಿ ಬರುವುದಕ್ಕೆ "ಸುತ್ತುವುದು" ಎಂದೂ, ತನ್ನ ಅಕ್ಷದ ಮೇಲೆ ತಾನು ತಿರುಗುವುದಕ್ಕೆ ಮಾತ್ರ "ತಿರುಗುವುದು" ಎಂದೂ ಬಳಸುತ್ತೇನೆ.

ಈಗ ವಿಜಯಪುರದ ಸಿದ್ಧೇಶ್ವರ ಗುಡಿಗೋ ನಿಮ್ಮೂರಿನ ಯಾವುದಾದರೂ ಗುಡಿಗೋ ಹೋಗಿ ಒಂದು ಪ್ರದಕ್ಷಿಣೆ ಹಾಕಿದಿರಿ ಎಂದುಕೊಳ್ಳಿ. ಪ್ರದಕ್ಷಿಣೆಯ ನಿಯಮ ನಿಮಗೆ ಗೊತ್ತು: ಉದ್ದಕ್ಕೂ ನಿಮ್ಮ ಬಲಗೈ ದೇವರ ಕಡೆಗಿರುತ್ತದೆ. ಗರ್ಭಗುಡಿಯಲ್ಲಿರುವ ದೇವರಿಗೆ ನಿಮ್ಮ ಬಲಭಾಗ ಮಾತ್ರ ಕಾಣುತ್ತದೆ, ಎಡಭಾಗ ಒಮ್ಮೆಯೂ ಕಾಣುವುದಿಲ್ಲ.

ಹಾಗಾದರೆ ನೀವು ತಿರುಗಲೇ ಇಲ್ಲವೇ? ನಿಮ್ಮ ಮುಖ ಯಾವ ದಿಕ್ಕಿಗಿತ್ತು ನೆನಪಿಸಿಕೊಳ್ಳಿ. ಗುಡಿಯ ಪೂರ್ವಕ್ಕಿದ್ದಾಗ ದಕ್ಷಿಣಕ್ಕೆ ಮುಖ ಮಾಡಿ ನಡೆದಿರಿ. ದಕ್ಷಿಣದ ಗೋಡೆಯ ಬಳಿ ಪಶ್ಚಿಮಕ್ಕೆ, ಹಿಂಬದಿಗೆ ಹೋದಾಗ ಉತ್ತರಕ್ಕೆ, ಉತ್ತರದ ಗೋಡೆಯ ಬಳಿ ಪೂರ್ವಕ್ಕೆ ಮುಖ ಮಾಡಿದ್ದಿರಿ. ಒಂದು ಪ್ರದಕ್ಷಿಣೆಯಲ್ಲಿ ನಾಲ್ಕೂ ದಿಕ್ಕು ನೋಡಿದಿರಿ. ಅಂದರೆ ನೀವು ಪೂರ್ತಿ ಒಂದು ಸಲ ತಿರುಗಿದ್ದೀರಿ. ಶಿಖರದ ಮೇಲೆ ಕೂತ ಪಾರಿವಾಳಕ್ಕೆ ಇದು ಸ್ಪಷ್ಟವಾಗಿ ಕಂಡಿರುತ್ತದೆ. ಒಳಗಿರುವ ದೇವರಿಗೆ ಮಾತ್ರ ಕಂಡಿಲ್ಲ.

ಈಗ ಉಲ್ಟಾ ಮಾಡಿ ನೋಡಿ. ತಿರುಗಲೇಬಾರದು ಎಂದು ಹಟ ಹಿಡಿದು, ಉದ್ದಕ್ಕೂ ದಕ್ಷಿಣಕ್ಕೇ ಮುಖ ಮಾಡಿಕೊಂಡು ಗುಡಿ ಸುತ್ತಿ. ಮೊದಲು ದೇವರ ಕಡೆಗೆ ನಿಮ್ಮ ಬಲಭಾಗ ಇರುತ್ತದೆ, ಆಮೇಲೆ ಬೆನ್ನು, ಆಮೇಲೆ ಎಡಭಾಗ, ಕೊನೆಗೆ ಮುಖ. ತಿರುಗದೆ ಸುತ್ತಿದರೆ ಎಲ್ಲ ಬದಿಯೂ ಕಾಣುತ್ತದೆ.

ಭೂಮಿಯಲ್ಲಿರುವ ನಾವು ಗರ್ಭಗುಡಿಯ ಜಾಗದಲ್ಲಿದ್ದೇವೆ, ಪ್ರದಕ್ಷಿಣೆ ಹಾಕುತ್ತಿರುವವನು ಚಂದ್ರ. ಅವನು ತಿರುಗದೇ ಇದ್ದಿದ್ದರೆ ಪ್ರತಿ ತಿಂಗಳೂ ನಮಗೆ ಅವನ ಬೆನ್ನು ಕಾಣುತ್ತಿತ್ತು. ಫಾರ್ವರ್ಡ್ ಹೇಳುವುದರ ಸರಿಯಾದ ವಿರುದ್ಧ ಇದು.

ಈ 27.3 ದಿನ ಎಲ್ಲಿಂದ ಬಂತು?

ನಿಮ್ಮ ಮನೆಯ ಗೋಡೆಗೆ ತೂಗುಹಾಕಿರುವ ಪಂಚಾಂಗದಲ್ಲೇ ಇದೆ. ನಕ್ಷತ್ರಗಳು 27. ಚಂದ್ರ ಹೆಚ್ಚುಕಡಿಮೆ ದಿನಕ್ಕೊಂದು ನಕ್ಷತ್ರ ದಾಟುತ್ತಾನೆ. ಇವತ್ತು ರೋಹಿಣಿಯಲ್ಲಿದ್ದರೆ 27 ದಿನ ಮತ್ತು ಕೆಲವು ತಾಸುಗಳ ನಂತರ ಮತ್ತೆ ರೋಹಿಣಿಯ ಅದೇ ಜಾಗಕ್ಕೆ ಬರುತ್ತಾನೆ. ಭೂಮಿಯನ್ನು ಒಮ್ಮೆ ಸುತ್ತಿದ ಲೆಕ್ಕ ಅದು.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಮಾತ್ರ ಸುಮಾರು 29.5 ದಿನ ಆಗುತ್ತದೆ. ಚಂದ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಸ್ವಲ್ಪ ಮುಂದೆ ಹೋಗಿರುತ್ತದೆ. ಸೂರ್ಯನನ್ನು ಮತ್ತೆ ಹಿಡಿಯಲು ಚಂದ್ರನಿಗೆ ಇನ್ನೆರಡು ದಿನ ಬೇಕು. ಹೀಗಾಗಿ ಚಂದ್ರನ ಮೇಲೆ ಒಂದು ಬೆಳಗಿನಿಂದ ಮರುದಿನದ ಬೆಳಗಿಗೆ 29.5 ಭೂಮಿ ದಿನ ಹಿಡಿಯುತ್ತದೆ. ಅದರಲ್ಲಿ ಹಗಲು ಸುಮಾರು ಎರಡು ವಾರ, ರಾತ್ರಿ ಸುಮಾರು ಎರಡು ವಾರ.

ಎರಡೂ ಸಮ ಆದದ್ದು ಹೇಗೆ?

ತಿರುಗುವ ಕಾಲ, ಸುತ್ತುವ ಕಾಲ ಎರಡೂ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಂಡದ್ದು ಕಾಕತಾಳೀಯವಲ್ಲ. ಅದು ಭೂಮಿ ಹಾಕಿದ ಬ್ರೇಕಿನ ಫಲ.

ಚಂದ್ರ ರೂಪುಗೊಂಡದ್ದು ಸುಮಾರು 450 ಕೋಟಿ ವರ್ಷಗಳ ಹಿಂದೆ. ಆಗ ಅವನು ಭೂಮಿಗೆ ಇಂದಿಗಿಂತ ಬಹಳ ಹತ್ತಿರವಿದ್ದ. ಆಗ ಅವನು ಸುತ್ತುವುದಕ್ಕಿಂತ ವೇಗವಾಗಿ ತಿರುಗುತ್ತಿದ್ದನೆಂದು ಇಟ್ಟುಕೊಳ್ಳಿ.

ಭೂಮಿ ಚಂದ್ರನ ಎಲ್ಲ ಭಾಗವನ್ನೂ ಒಂದೇ ಬಲದಿಂದ ಎಳೆಯುವುದಿಲ್ಲ. ಹತ್ತಿರದ ಬದಿಯನ್ನು ಹೆಚ್ಚು ಎಳೆಯುತ್ತದೆ, ದೂರದ ಬದಿಯನ್ನು ಕಡಿಮೆ ಎಳೆಯುತ್ತದೆ. ಇಂದಿನ ದೂರದಲ್ಲೂ ಈ ಎರಡರ ನಡುವೆ ಸುಮಾರು ಶೇ 2ರಷ್ಟು ವ್ಯತ್ಯಾಸ ಇದೆ. ಹತ್ತಿರ ಇದ್ದಾಗ ವ್ಯತ್ಯಾಸ ಇನ್ನೂ ಬಹಳ ದೊಡ್ಡದಿತ್ತು. ಇದರಿಂದ ಚಂದ್ರ ಸ್ವಲ್ಪ ಉದ್ದಕ್ಕೆ ಹಿಗ್ಗುತ್ತಾನೆ. ಭೂಮಿಯ ಕಡೆಗೊಂದು, ಅದರ ಎದುರು ಬದಿಗೊಂದು ಉಬ್ಬು ಬರುತ್ತದೆ. ಭೂಮಿಯಲ್ಲಿ ಸಮುದ್ರದ ಉಬ್ಬರ ಬರುವುದೂ ಇದೇ ಕಾರಣಕ್ಕೆ. ಚಂದ್ರನಲ್ಲಿ ಸಮುದ್ರ ಇಲ್ಲ, ಉಬ್ಬಿದ್ದು ಕಲ್ಲೇ.

ಕಲ್ಲು ಉಬ್ಬಲು ಸಮಯ ಬೇಕು, ಮತ್ತೆ ಇಳಿಯಲೂ ಸಮಯ ಬೇಕು. ಅಷ್ಟರಲ್ಲಿ ವೇಗವಾಗಿ ತಿರುಗುತ್ತಿರುವ ಚಂದ್ರ ಆ ಉಬ್ಬನ್ನು ಭೂಮಿಯ ನೇರದಿಂದ ಸ್ವಲ್ಪ ಮುಂದಕ್ಕೆ ಒಯ್ದಿರುತ್ತಾನೆ. ಭೂಮಿ ಆ ಉಬ್ಬನ್ನು ಹಿಡಿದು ಮತ್ತೆ ತನ್ನ ನೇರಕ್ಕೆ, ಅಂದರೆ ಹಿಂದಕ್ಕೆ ಎಳೆಯುತ್ತದೆ. ಆಚೆ ಬದಿಯ ಉಬ್ಬಿನ ಮೇಲಿನ ಎಳೆತ ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ, ಆದರೆ ಅದು ದೂರದಲ್ಲಿರುವುದರಿಂದ ಎಳೆತ ಕಡಿಮೆ. ಕೂಡಿ ಕಳೆದರೆ ಉಳಿಯುವುದು ಬ್ರೇಕ್. ಪ್ರತಿ ಸುತ್ತಿನಲ್ಲೂ ಚಂದ್ರನ ತಿರುಗುವ ವೇಗ ಸ್ವಲ್ಪ ಸ್ವಲ್ಪ ತಗ್ಗುತ್ತ ಬಂತು.

ತಗ್ಗಿದ ವೇಗದ ಶಕ್ತಿ ಎಲ್ಲಿ ಹೋಯಿತು? ಶಾಖವಾಯಿತು. ದ್ರಾಕ್ಷಿ ತೋಟದಲ್ಲಿ ಬಳ್ಳಿ ಹಬ್ಬಿಸಲು ಕಟ್ಟುವ ತಂತಿಯನ್ನು ಒಂದೇ ಜಾಗದಲ್ಲಿ ಹತ್ತಾರು ಸಲ ಆಚೀಚೆ ಬಗ್ಗಿಸಿ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಚಂದ್ರನ ಕಲ್ಲು ಉಬ್ಬಿ ಇಳಿದು ಉಬ್ಬಿ ಇಳಿದು ಹಾಗೆಯೇ ಬಿಸಿಯಾಯಿತು.

ಕೊನೆಗೆ ತಿರುಗುವ ವೇಗ ಸುತ್ತುವ ವೇಗಕ್ಕೆ ಸಮನಾಯಿತು. ಈಗ ಉಬ್ಬು ಸದಾ ಭೂಮಿಯ ನೇರಕ್ಕೇ ಇರುತ್ತದೆ, ಆಚೀಚೆ ಎಳೆಯಲು ಏನೂ ಉಳಿದಿಲ್ಲ. ಚಂದ್ರ ಇನ್ನೂ ನಿಧಾನವಾಗಿ ನಿಂತೇಬಿಡಲಾರನೇ ಎಂದು ನೀವು ಕೇಳಬಹುದು. ಇಲ್ಲ. ಅವನು ಸ್ವಲ್ಪ ನಿಧಾನವಾದರೆ ಉಬ್ಬು ಭೂಮಿಯ ನೇರಕ್ಕಿಂತ ಹಿಂದೆ ಬೀಳುತ್ತದೆ, ಆಗ ಭೂಮಿ ಅದನ್ನು ಮುಂದಕ್ಕೆ ಎಳೆಯುತ್ತದೆ. ಪಂಚಮಿ ಹಬ್ಬದ ಜೋಕಾಲಿಯನ್ನು ಯಾವ ಕಡೆ ದೂಡಿದರೂ ಕೊನೆಗೆ ನಡುವೆ ಬಂದು ನಿಲ್ಲುವ ಹಾಗೆ ಇದು. ಇದನ್ನು ಭರತ ಬಂಧನ ಎನ್ನಬಹುದು, ಇಂಗ್ಲಿಷ್ ಪುಸ್ತಕಗಳಲ್ಲಿ ಟೈಡಲ್ ಲಾಕಿಂಗ್ ಎಂದಿರುತ್ತದೆ. ಸೌರವ್ಯೂಹದ ದೊಡ್ಡ ಉಪಗ್ರಹಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ತಮ್ಮ ಗ್ರಹಕ್ಕೆ ಒಂದೇ ಮುಖ ತೋರಿಸುತ್ತವೆ.

ಚಂದ್ರನೂ ಭೂಮಿಗೆ ಇಂಥದೇ ಬ್ರೇಕ್ ಹಾಕುತ್ತಿದ್ದಾನೆ. ಆದರೆ ಭೂಮಿಯ ತೂಕ ಚಂದ್ರನ 81 ಪಟ್ಟು, ಆದ್ದರಿಂದ ಪರಿಣಾಮ ಬಹಳ ನಿಧಾನ. ನಮ್ಮ ದಿನ ಶತಮಾನಕ್ಕೆ ಸುಮಾರು 2 ಮಿಲಿಸೆಕೆಂಡಿನಷ್ಟು ಮಾತ್ರ ಉದ್ದವಾಗುತ್ತಿದೆ.

ಚಂದ್ರಯಾನ-3ರ ಸಾಕ್ಷಿ

ಚಂದ್ರ ತಿರುಗುತ್ತಾನೆ ಎನ್ನುವುದಕ್ಕೆ ನಾವೆಲ್ಲ ಟಿವಿಯಲ್ಲಿ ನೋಡಿದ ಸಾಕ್ಷಿಯೇ ಇದೆ. ವಿಕ್ರಮ್ ಲ್ಯಾಂಡರ್ ಇಳಿದದ್ದು 2023ರ ಆಗಸ್ಟ್ 23ರ ಸಂಜೆ 6 ಗಂಟೆ ದಾಟಿದಾಗ, ನಾಗರ ಪಂಚಮಿ ಆಗಿ ಎರಡು ದಿನಕ್ಕೆ. ಅಂದು ಆಕಾಶದಲ್ಲಿ ಹೆಚ್ಚುಕಡಿಮೆ ಅರ್ಧ ಚಂದ್ರನಿದ್ದ. ನಮಗೆ ಕಾಣುತ್ತಿದ್ದ ಆ ಬೆಳಗಿದ ಭಾಗದಲ್ಲೇ, ದಕ್ಷಿಣ ಧ್ರುವದ ಕಡೆಗೆ, ವಿಕ್ರಮ್ ಇಳಿಯಿತು. ಆ ಜಾಗದಲ್ಲಿ ಆಗಷ್ಟೇ ಬೆಳಗಾಗಿತ್ತು. ಸೌರಫಲಕಗಳಿಂದ ನಡೆಯುವ ಯಂತ್ರಕ್ಕೆ ಪೂರ್ತಿ ಒಂದು ಹಗಲು ಸಿಗಲಿ ಎಂದೇ ಆ ದಿನ ಆರಿಸಿದ್ದರು.

ಸುಮಾರು ಹತ್ತು ದಿನ ಕೆಲಸ ಮಾಡಿದ ಮೇಲೆ, ಸೆಪ್ಟೆಂಬರ್ 2ರಂದು ಪ್ರಜ್ಞಾನ್ ರೋವರನ್ನೂ ಸೆಪ್ಟೆಂಬರ್ 4ರಂದು ವಿಕ್ರಮನ್ನೂ ಇಸ್ರೋ ನಿದ್ರೆಗೆ ಕಳಿಸಿತು. ಅಲ್ಲಿ ಸಂಜೆ ಹತ್ತಿರವಾಗುತ್ತಿತ್ತು. ಈಗ ಲೆಕ್ಕ ಹಾಕಿ. ಚಂದ್ರ ತಿರುಗದೇ ಇದ್ದಿದ್ದರೆ ಅವನ ಮೇಲೆ ಸೂರ್ಯ ಹುಟ್ಟಿ ಮುಳುಗುವುದು ಭೂಮಿ ಸೂರ್ಯನನ್ನು ಸುತ್ತುವುದರಿಂದ ಮಾತ್ರ ಆಗಬೇಕಿತ್ತು, ಒಂದು ಹಗಲು ಸುಮಾರು ಆರು ತಿಂಗಳು ಇರಬೇಕಿತ್ತು. ವಿಕ್ರಮ್‌ಗೆ ಸಿಕ್ಕಿದ್ದು ಎರಡು ವಾರದ ಹಗಲು. ಅಷ್ಟು ಬೇಗ ಸಂಜೆಯಾಗಲು ಕಾರಣ ಚಂದ್ರನ ತಿರುಗುವಿಕೆಯೇ.

ನಿಜವಾಗಿ ಆಚೆ ಬದಿಯಲ್ಲಿ ಮೊದಲು ಇಳಿದದ್ದು ಚೀನಾದ ಚಾಂಗ್'ಇ-4, 2019ರ ಜನವರಿ 3ರಂದು. ಅಲ್ಲಿಂದ ಭೂಮಿಗೆ ನೇರವಾಗಿ ರೇಡಿಯೊ ಸಂಕೇತ ಕಳಿಸಲು ಆಗುವುದಿಲ್ಲ, ನಡುವೆ ಇಡೀ ಚಂದ್ರನೇ ಅಡ್ಡ ಇರುತ್ತಾನೆ. ಅದಕ್ಕಾಗಿ ಚೀನಾ ಮೊದಲೇ ಒಂದು ಪ್ರತ್ಯೇಕ ಉಪಗ್ರಹವನ್ನು ಕಳಿಸಬೇಕಾಯಿತು. ಆಚೆ ಬದಿಯ ಮೊದಲ ಫೋಟೊ ಸಿಕ್ಕಿದ್ದು 1959ರ ಅಕ್ಟೋಬರ್‌ನಲ್ಲಿ, ಸೋವಿಯತ್ ಒಕ್ಕೂಟದ ಲೂನಾ-3 ನೌಕೆಯಿಂದ. ಆ ಫೋಟೊದಲ್ಲಿ ಬಿಸಿಲಿತ್ತು. ಕತ್ತಲೆಯಾಗಿದ್ದರೆ ಫೋಟೊವೇ ಬರುತ್ತಿರಲಿಲ್ಲ.

ಭಾಸ್ಕರಾಚಾರ್ಯರ ಅಮಾವಾಸ್ಯೆ

ಆಚೆ ಬದಿಗೆ ಬಿಸಿಲು ಬೀಳುತ್ತದೆ ಎನ್ನುವುದು ಹೊಸ ಮಾತೂ ಅಲ್ಲ. ಎರಡನೆಯ ಭಾಸ್ಕರಾಚಾರ್ಯರು 1150ರಲ್ಲಿ, ತಮ್ಮ 36ನೇ ವಯಸ್ಸಿನಲ್ಲಿ, ಸಿದ್ಧಾಂತ ಶಿರೋಮಣಿ ಬರೆದರು. ತಮ್ಮ ಊರು ವಿಜ್ಜಡವಿಡ ಎಂದು ಅವರೇ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ. ಅವರು ಸಹ್ಯಾದ್ರಿಯನ್ನು ಹೆಸರಿಸುವುದರಿಂದ ಆ ಊರು ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯದು ಎನ್ನುವ ವಿದ್ವಾಂಸರೂ ಇದ್ದಾರೆ.

ಆ ಗ್ರಂಥದ ಗೋಲಾಧ್ಯಾಯದಲ್ಲಿ ಅವರು ಪಿತೃಗಳ ಹಗಲು ರಾತ್ರಿಯನ್ನು ವಿವರಿಸುತ್ತಾರೆ. ಪಿತೃಗಳು ಚಂದ್ರನ ಮೇಲ್ಭಾಗದಲ್ಲಿ, ಅಂದರೆ ನಮಗೆ ಕಾಣದ ಬದಿಯಲ್ಲಿ ಇರುತ್ತಾರೆ ಎನ್ನುವುದು ಪರಂಪರೆಯ ನಂಬಿಕೆ. ಭಾಸ್ಕರರು ಅದಕ್ಕೆ ರೇಖಾಗಣಿತ ಹಚ್ಚಿದರು. ಅಮಾವಾಸ್ಯೆಯಂದು ಚಂದ್ರ ನಮಗೂ ಸೂರ್ಯನಿಗೂ ನಡುವೆ ಇರುತ್ತಾನೆ. ಆಗ ಆಚೆ ಬದಿಯಲ್ಲಿ ನಿಂತವರಿಗೆ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ. ಆದ್ದರಿಂದ ನಮ್ಮ ಅಮಾವಾಸ್ಯೆ ಅವರಿಗೆ ನಡು ಮಧ್ಯಾಹ್ನ. ಇದೇ ಲೆಕ್ಕದಲ್ಲಿ ನಮ್ಮ ಹುಣ್ಣಿಮೆ ಅವರಿಗೆ ನಡುರಾತ್ರಿ, ನಮ್ಮ ಒಂದು ತಿಂಗಳು ಅವರಿಗೆ ಒಂದು ದಿನ.

ನಂಬಿಕೆಯನ್ನು ಬದಿಗಿಟ್ಟರೂ ಲೆಕ್ಕ ಸರಿಯಾಗಿಯೇ ಉಳಿಯುತ್ತದೆ. ನಮಗೆ ಚಂದ್ರ ಕಾಣದ ದಿನವೇ ಆಚೆ ಬದಿ ಪೂರ್ತಿ ಬೆಳಗಿರುತ್ತದೆ. "ಕತ್ತಲೆಯ ಬದಿ" ಎಂಬ ಹೆಸರು ಅಲ್ಲಿಗೆ ಹೊಂದುವುದಿಲ್ಲ, "ಕಾಣದ ಬದಿ" ಎನ್ನಬೇಕು.

ಒಂದು ಎಚ್ಚರಿಕೆ. ಇದನ್ನೇ ಹಿಡಿದು "ಭಾಸ್ಕರಾಚಾರ್ಯರು ಭರತ ಬಂಧನವನ್ನು ಕಂಡುಹಿಡಿದಿದ್ದರು" ಎಂದು ಯಾರಾದರೂ ಬರೆದರೆ ಅದು ತಪ್ಪು. ಒಂದೇ ಮುಖ ಏಕೆ ಕಾಣುತ್ತದೆ ಎಂಬ ಕಾರಣವನ್ನು ಅಲ್ಲಿ ಅವರು ಹೇಳುತ್ತಿಲ್ಲ. ಉಬ್ಬರದ ಎಳೆತ ಚಂದ್ರನಿಗೆ ಬ್ರೇಕ್ ಹಾಕಿದೆ ಎಂಬ ವಿಚಾರವನ್ನು ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1754ರಲ್ಲಿ ಮುಂದಿಟ್ಟರು. ಅದಕ್ಕೆ ನ್ಯೂಟನ್ ಕೊಟ್ಟ ಗುರುತ್ವದ ನಿಯಮ ಬೇಕಾಗಿತ್ತು.

ಆದರೆ ಮೊಲ ತಲೆಕೆಳಗಾಗುತ್ತದಲ್ಲ?

ಇದು ಬಬಲೇಶ್ವರದಲ್ಲಿರುವ ನಮ್ಮ ಆಯಿಯ ಪ್ರಶ್ನೆ. ಹುಣ್ಣಿಮೆಯ ರಾತ್ರಿ ಮಾಳಿಗೆ ಮೇಲೆ ಮಲಗುವ ರೂಢಿ ಅವರದು. "ಚಂದ್ರನೊಳಗಿನ ಮೊಲ ಸಂಜೀಕ ಒಂದ್ ಥರಾ ಇರತೈತಿ, ನಸುಕಿನ್ಯಾಗ ನೋಡಿದ್ರ ತಲಿಕೆಳಗ ಆಗಿರತೈತಿ. ಮತ್ತ ಅದು ತಿರುಗಿದಂಗ ಆತಲ್ಲ?"

ಆಯಿ ನೋಡಿದ್ದು ನಿಜ, ಆದರೆ ಅದು ಚಂದ್ರ ತಿರುಗಿದ್ದಲ್ಲ. ಸಂಜೆ ನಾವು ಪೂರ್ವಕ್ಕೆ ಮುಖ ಮಾಡಿ ಚಂದ್ರನನ್ನು ನೋಡುತ್ತೇವೆ, ಆಗ ಉತ್ತರ ನಮ್ಮ ಎಡಗೈ ಕಡೆಗಿರುತ್ತದೆ. ನಸುಕಿನಲ್ಲಿ ಪಶ್ಚಿಮಕ್ಕೆ ಮುಖ ಮಾಡುತ್ತೇವೆ, ಉತ್ತರ ಬಲಗೈ ಕಡೆಗೆ ಬರುತ್ತದೆ. ಚಂದ್ರನ ಉತ್ತರದ ತುದಿ ಅಲ್ಲೇ ಇದೆ, ನಾವು ಹೊರಳಿ ನಿಂತಿದ್ದೇವೆ. ವಿಜಯಪುರ ಸಮಭಾಜಕಕ್ಕೆ ಸಾಕಷ್ಟು ಹತ್ತಿರ ಇದೆ, ಚಂದ್ರ ಇಲ್ಲಿ ನೆತ್ತಿಯ ಆಸುಪಾಸಿನಲ್ಲೇ ಹಾದುಹೋಗುತ್ತಾನೆ. ಆದ್ದರಿಂದ ಇಲ್ಲಿ ಮೊಲ ಹೆಚ್ಚುಕಡಿಮೆ ಪೂರ್ತಿ ತಲೆಕೆಳಗಾದಂತೆ ಕಾಣುತ್ತದೆ. ಯುರೋಪಿನ ಉತ್ತರದಲ್ಲಿರುವವರಿಗೆ ಇಷ್ಟು ಹೊರಳುವುದು ಕಾಣುವುದಿಲ್ಲ.

ಪರೀಕ್ಷೆ ಸುಲಭ. ಹುಣ್ಣಿಮೆಯ ಸಂಜೆ ಗೋಳಗುಮ್ಮಟದ ಹಿಂದಿನಿಂದ ಚಂದ್ರ ಮೇಲೇರುವಾಗ ಒಂದು ಫೋಟೊ ತೆಗೆಯಿರಿ, ನಸುಕಿನಲ್ಲಿ ಪಶ್ಚಿಮಕ್ಕೆ ಇಳಿಯುವಾಗ ಇನ್ನೊಂದು ತೆಗೆಯಿರಿ. ಎರಡನೆಯದನ್ನು ಮೊಬೈಲಿನಲ್ಲೇ ಹೊರಳಿಸಿ ಮೊದಲನೆಯದರ ಪಕ್ಕ ಇಡಿ. ಅದೇ ಮೊಲ, ಅದೇ ಕಿವಿ. ಹೊಸ ಕಲೆ ಒಂದೂ ಬಂದಿರುವುದಿಲ್ಲ.

ಒಂದಿಷ್ಟು ಬೆನ್ನು ಕಾಣುತ್ತದೆ

ಕೊನೆಯದಾಗಿ ಒಂದು ತಿದ್ದುಪಡಿ. ಸದಾ "ಒಂದೇ ಮುಖ" ಎನ್ನುವುದೂ ಪೂರ್ತಿ ಕರಾರುವಾಕ್ಕಾದ ಮಾತಲ್ಲ. ಚಂದ್ರನ ದಾರಿ ಸರಿಯಾದ ವೃತ್ತವಲ್ಲ, ಸ್ವಲ್ಪ ಮೊಟ್ಟೆಯಾಕಾರ. ಭೂಮಿಗೆ ಹತ್ತಿರ ಬಂದಾಗ ವೇಗವಾಗಿ ಓಡುತ್ತಾನೆ, ದೂರ ಹೋದಾಗ ನಿಧಾನವಾಗುತ್ತಾನೆ. ತಿರುಗುವ ವೇಗ ಮಾತ್ರ ಬದಲಾಗುವುದಿಲ್ಲ. ಹೀಗಾಗಿ ಒಮ್ಮೆ ಸುತ್ತುವಿಕೆ ಮುಂದೆ, ಒಮ್ಮೆ ತಿರುಗುವಿಕೆ ಮುಂದೆ. ಆಗ ಚಂದ್ರ "ಇಲ್ಲ, ಇಲ್ಲ" ಎಂದು ನಿಧಾನವಾಗಿ ತಲೆ ಆಡಿಸಿದಂತೆ ಅಂಚಿನ ಆಚೆಯ ಒಂದಿಷ್ಟು ಭಾಗ ಇಣುಕುತ್ತದೆ. ಅವನ ಅಕ್ಷ ಸ್ವಲ್ಪ ವಾಲಿರುವುದರಿಂದ "ಹೂಂ, ಹೂಂ" ಎಂದಂತೆ ಮೇಲೆ ಕೆಳಗೂ ಇಣುಕುತ್ತದೆ. ಎಲ್ಲ ಸೇರಿಸಿದರೆ ಭೂಮಿಯಿಂದ ಚಂದ್ರನ ಶೇ 59ರಷ್ಟು ಭಾಗವನ್ನು ನೋಡಬಹುದು. ಉಳಿದ ಶೇ 41 ಇಲ್ಲಿಂದ ಎಂದೂ ಕಾಣದು.

ಇದನ್ನು ನೀವೇ ನೋಡಬೇಕೆಂದರೆ ಚಂದ್ರನ ಅಂಚಿನ ಹತ್ತಿರ ಒಂಟಿಯಾಗಿರುವ ಮೊಟ್ಟೆಯಾಕಾರದ ಕಪ್ಪು ಕಲೆಯನ್ನು ಗುರುತಿಟ್ಟುಕೊಳ್ಳಿ. ಅದರ ಹೆಸರು ಮಾರೆ ಕ್ರೈಸಿಯಂ. ಮೂರು ನಾಲ್ಕು ಹುಣ್ಣಿಮೆಗಳ ಫೋಟೊ ಹೋಲಿಸಿದರೆ ಕೆಲವು ಸಲ ಅದು ಅಂಚಿಗೆ ತೀರ ಹತ್ತಿರ, ಕೆಲವು ಸಲ ಸ್ವಲ್ಪ ಒಳಗೆ ಕಾಣುತ್ತದೆ.

ಗ್ರೂಪಿನಲ್ಲಿ ಬಂದರೆ ಹೀಗೆ ಉತ್ತರಿಸಿ

ಮಾಮಾಗೆ ನಾನು ಕಳಿಸಿದ ಉತ್ತರ ಇಷ್ಟೇ. ಬೇಕಿದ್ದರೆ ನೀವೂ ಕಾಪಿ ಮಾಡಿಕೊಳ್ಳಿ:

"ಚಂದ್ರ ತಿರುಗುತ್ತಾನೆ. ಒಮ್ಮೆ ತಿರುಗಲು 27.3 ದಿನ, ಭೂಮಿಯನ್ನು ಒಮ್ಮೆ ಸುತ್ತಲೂ 27.3 ದಿನ, ಅದಕ್ಕೇ ಒಂದೇ ಮುಖ ಕಾಣುತ್ತದೆ. ಭೂಮಿಯ ಎಳೆತ ಅವನಿಗೆ ಬ್ರೇಕ್ ಹಾಕಿ ಹೀಗೆ ಹೊಂದಿಸಿದೆ. ತಿರುಗದಿದ್ದರೆ ತಿಂಗಳಿಗೊಮ್ಮೆ ಅವನ ಬೆನ್ನು ಕಾಣುತ್ತಿತ್ತು. ಹಿಂಬದಿಗೂ ಬಿಸಿಲು ಬೀಳುತ್ತದೆ, ಅಮಾವಾಸ್ಯೆಯಂದು ಪೂರ್ತಿ. ಚಂದ್ರಯಾನ-3 ಇಳಿದದ್ದು ನಮಗೆ ಕಾಣುವ ಬದಿಯಲ್ಲಿ. ನಂಬಿಕೆ ಬರದಿದ್ದರೆ ಗುಡಿಗೆ ಒಂದು ಪ್ರದಕ್ಷಿಣೆ ಹಾಕಿ, ನಾಲ್ಕು ದಿಕ್ಕು ನೋಡಿದಿರೋ ಇಲ್ಲವೋ ಎಣಿಸಿ."

ಮಾಮಾ ಮರುದಿನ ಬೆಳಿಗ್ಗೆ ಬರೆದರು: "ಎಣಿಸಿದೆ. ನಾಲ್ಕೂ ಬಂದೂವು."